ಬಿಲ್ಲಿನ ತಕರಾರು ಬೇರೆ, ಚಿಕಿತ್ಸೆಯ ದಾಖಲೆ ಬೇರೆ: ಆಸ್ಪತ್ರೆಯ ಅಧೀಕ್ಷಕರಿಗೆ ಪತ್ರ ಬರೆಯುವುದು ಹೇಗೆ?

ಕಾಗವಾಡ, ಅಥಣಿ, ರಾಯಬಾಗ ಕಡೆಯವರಿಗೆ ದೊಡ್ಡ ಕಾಯಿಲೆ ಬಂದರೆ ಮೊದಲು ನೆನಪಾಗುವುದು ಮೀರಜ್. ಉಗಾರ, ಶೇಡಬಾಳದಿಂದ ರೈಲು ಹತ್ತಿದರೆ ಸ್ವಲ್ಪ ಹೊತ್ತಿನ ದಾರಿ. ನಿಪ್ಪಾಣಿಯವರು ಕೊಲ್ಹಾಪುರಕ್ಕೆ ಹೋಗುತ್ತಾರೆ, ಚಿಕ್ಕೋಡಿಯವರು ಕೆಲವರು ಅತ್ತ, ಕೆಲವರು ಬೆಳಗಾವಿಗೆ. ಚಿಕಿತ್ಸೆ ಮುಗಿದು ಮನೆಗೆ ಹೊರಡುವ ದಿನ ಬಿಲ್ಲಿನ ಬಗ್ಗೆ ಮಾತಿಗೆ ಮಾತು ಬೆಳೆದರೆ, ಕೌಂಟರಿನಲ್ಲಿ ಕೇಳಿಬರುವ ಮಾತು ಒಂದೇ: "ಮೊದಲು ಬಾಕಿ ಕಟ್ಟಿರಿ, ಆಮೇಲೆ ಫೈಲ್ ಕೊಡ್ತೀವಿ." ಹಾಗೆ ಹೇಳಿದಾಗ ಏನು ಮಾಡಬೇಕು ಎಂಬುದೇ ಈ ತಿಂಗಳ ಪಾಠ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಾಗವಾಡ ತಾಲ್ಲೂಕಿನ 58 ವರ್ಷದ ಒಬ್ಬರಿಗೆ ಎದೆನೋವು ಬಂದು ಮೀರಜ್‌ನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ದಾಖಲಾದದ್ದು ಮಾರ್ಚ್ 3, ಬಿಡುಗಡೆ ಮಾರ್ಚ್ 7. ಮೊದಲು ಹೇಳಿದ ಅಂದಾಜು 1,40,000 ರೂಪಾಯಿ. ಮನೆಯವರು ಅದನ್ನು ಕಟ್ಟಿದರು. ಕೊನೆಗೆ ಬಂದ ಬಿಲ್ಲು 2,06,500. ಹೆಚ್ಚಿನ 66,500 ರೂಪಾಯಿ ಯಾಕೆ ಎಂದು ಮಗ ವಿವರ ಕೇಳಿದ. ಐಸಿಯುದಲ್ಲಿ ಮೂರು ದಿನ ಇದ್ದವರಿಗೆ ನಾಲ್ಕು ದಿನದ ಲೆಕ್ಕ ಹಾಕಿದ್ದರು, ಔಷಧಿಗಳ ಪಟ್ಟಿಯೂ ಸರಿಯಾಗಿರಲಿಲ್ಲ. ಮಾತು ಮುಗಿಯಲಿಲ್ಲ. ಅಪ್ಪನನ್ನು ಮನೆಗೆ ಕರೆತಂದರು, ಆದರೆ ಡಿಸ್ಚಾರ್ಜ್ ಕಾರ್ಡು, ಆಂಜಿಯೋಗ್ರಾಫಿಯ ಸಿಡಿ, ಕೇಸ್ ಪೇಪರು ಎಲ್ಲ ಆಸ್ಪತ್ರೆಯಲ್ಲೇ ಉಳಿದವು.

ಇಲ್ಲಿ ಅಪಾಯದಲ್ಲಿರುವುದು ಹಣ ಮಾತ್ರವಲ್ಲ. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಸಾಮಾನ್ಯವಾಗಿ ಎರಡು ಬಗೆಯ ಗುಳಿಗೆ ತಪ್ಪದೆ ತೆಗೆದುಕೊಳ್ಳಬೇಕು. ಎಷ್ಟು ತಿಂಗಳು, ಯಾವ ಪ್ರಮಾಣ ಎಂಬುದು ಯಾವ ಸ್ಟೆಂಟ್, ಯಾವ ನಾಳ, ರೋಗಿಗೆ ರಕ್ತಸ್ರಾವದ ಭಯ ಎಷ್ಟು ಎಂಬುದರ ಮೇಲೆ ನಿಂತಿದೆ. ಗುಳಿಗೆಯನ್ನು ಅವಧಿಗೆ ಮೊದಲೇ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಮತ್ತೆ ಹೃದಯಾಘಾತವಾಗಬಹುದು. ಆರು ತಿಂಗಳ ನಂತರ ಹಲ್ಲು ಕೀಳಿಸಲು ಹೋದರೂ, ಹರ್ನಿಯಾ ಆಪರೇಶನ್ನಿಗೆ ಹೋದರೂ ಅಲ್ಲಿನ ವೈದ್ಯರು ಮೊದಲು ಕೇಳುವುದು ಆ ಕಾರ್ಡನ್ನೇ. ಆದ್ದರಿಂದ ದಾಖಲೆ ಸಿಗುವ ತನಕ, ಕೈಯಲ್ಲಿರುವ ಚೀಟಿಯ ಪ್ರಕಾರ ಗುಳಿಗೆ ನಿಲ್ಲಿಸಬೇಡಿ. ಗುಳಿಗೆಯ ಖಾಲಿ ಪಟ್ಟಿಗಳನ್ನೂ ಎಸೆಯಬೇಡಿ, ಅವನ್ನು ಹತ್ತಿರದ ವೈದ್ಯರಿಗೆ ತೋರಿಸಿ.

ಕಾನೂನು ಏನು ಹೇಳುತ್ತದೆ?

ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡತೆಯ ನಿಯಮಗಳಲ್ಲಿ ಎರಡು ಮಾತುಗಳಿವೆ. ನಿಯಮ 1.3.1ರ ಪ್ರಕಾರ, ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ವೈದ್ಯರು ಇಟ್ಟುಕೊಳ್ಳಬೇಕು. ನಿಯಮ 1.3.2ರ ಪ್ರಕಾರ, ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ದಾಖಲೆ ಕೇಳಿದರೆ ಆ ಅರ್ಜಿಗೆ ಸ್ವೀಕೃತಿ ಕೊಟ್ಟು, 72 ಗಂಟೆಗಳೊಳಗೆ ದಾಖಲೆ ಕೊಡಬೇಕು. ಬಾಕಿ ಇದ್ದರೆ ಕೊಡಬೇಕಾಗಿಲ್ಲ ಎಂಬ ಮಾತು ಅದರಲ್ಲಿಲ್ಲ. ಕೊಡದಿದ್ದರೆ ಅದು ವೈದ್ಯರ ದುರ್ನಡತೆ ಎಂದು ನಿಯಮ 7.2 ಹೇಳುತ್ತದೆ.

ಮಹಾರಾಷ್ಟ್ರದ ಆಸ್ಪತ್ರೆಗಳ ವಿಷಯದಲ್ಲಿ ಇನ್ನೊಂದು ಆಧಾರವಿದೆ. 1996ರಲ್ಲಿ ರಹೇಜಾ ಪ್ರಕರಣದಲ್ಲಿ ಬಾಂಬೆ ಹೈಕೋರ್ಟು, ರೋಗಿ ಅಥವಾ ಹತ್ತಿರದ ಬಂಧುಗಳು ಕೇಸ್ ಪೇಪರಿನ ನಕಲು ಕೇಳಿದಾಗ ಆಸ್ಪತ್ರೆ ಗೋಪ್ಯತೆಯ ಹೆಸರಿನಲ್ಲಿ ನಿರಾಕರಿಸುವಂತಿಲ್ಲ ಎಂದು ಹೇಳಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿಯೂ ದಾಖಲೆ ಪಡೆಯುವ ಹಕ್ಕು ಇದೆ.

ಇದರ ಮಿತಿಯನ್ನೂ ತಿಳಿದಿರಬೇಕು. ನಿಮಗೆ ಸಿಗುವುದು ನಕಲು, ಮೂಲ ಕೇಸ್ ಪೇಪರು ಆಸ್ಪತ್ರೆಯಲ್ಲೇ ಇರುತ್ತದೆ. ದಾಖಲೆ ಸಿಕ್ಕಿತೆಂದು ಬಾಕಿ ಮನ್ನಾ ಆಗುವುದಿಲ್ಲ, ನಿಜವಾದ ಬಾಕಿ ಇದ್ದರೆ ಆಸ್ಪತ್ರೆ ಅದನ್ನು ಸಿವಿಲ್ ನ್ಯಾಯಾಲಯದ ಮೂಲಕ ಕೇಳಬಹುದು. ನಕಲಿನ ನ್ಯಾಯವಾದ ಖರ್ಚನ್ನೂ ನೀವು ಕೊಡಲು ಒಪ್ಪಿದರೆ ಒಳ್ಳೆಯದು.

ಎರಡು ಪತ್ರ ಬರೆಯಿರಿ, ಒಂದೇ ಅಲ್ಲ

ಹೆಚ್ಚಿನವರು ತಪ್ಪುವುದು ಇಲ್ಲೇ. ಒಂದೇ ಪತ್ರದಲ್ಲಿ ಬಿಲ್ಲಿನ ಸಿಟ್ಟು, ನರ್ಸಿನ ಮಾತು, ದಾಖಲೆಯ ಬೇಡಿಕೆ ಎಲ್ಲವನ್ನೂ ತುಂಬುತ್ತಾರೆ. ಅಂಥ ಪತ್ರ ಬಿಲ್ಲಿಂಗ್ ವಿಭಾಗಕ್ಕೆ ಹೋಗಿ ಅಲ್ಲೇ ಕುಳಿತುಬಿಡುತ್ತದೆ. ದಾಖಲೆಯ ಪತ್ರ ಬೇರೆಯಾಗಿರಲಿ, ಅದು ಅಧೀಕ್ಷಕರ ಹೆಸರಿಗೇ ಹೋಗಲಿ. ಬಿಲ್ಲಿನ ವಿವರ ಕೇಳುವ ಪತ್ರವನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ದಾಖಲೆಯ ಪತ್ರದಲ್ಲಿ ಬಿಲ್ಲಿನ ಬಗ್ಗೆ ಒಂದೇ ವಾಕ್ಯ ಸಾಕು, ಆರೋಪ ಬೇಡವೇ ಬೇಡ.

ನಮ್ಮ ಉದಾಹರಣೆಯ ಪತ್ರ ಹೀಗಿರಬಹುದು:

> ಇವರಿಗೆ,
> ವೈದ್ಯಕೀಯ ಅಧೀಕ್ಷಕರು,
> (ಆಸ್ಪತ್ರೆಯ ಹೆಸರು), ಮೀರಜ್.
>
> ವಿಷಯ: ನನ್ನ ಚಿಕಿತ್ಸೆಯ ದಾಖಲೆಗಳ ನಕಲು ಕೊಡುವ ಬಗ್ಗೆ.
>
> ಮಾನ್ಯರೇ,
>
> ನಾನು ನಿಮ್ಮ ಆಸ್ಪತ್ರೆಯಲ್ಲಿ ಮಾರ್ಚ್ 3ರಿಂದ 7ರವರೆಗೆ ಒಳರೋಗಿಯಾಗಿದ್ದೆ. ನನ್ನ ಒಳರೋಗಿ ನಂಬರು ______. ಚಿಕಿತ್ಸೆ ಮಾಡಿದವರು ಡಾ. ______. ನನ್ನ ಹೃದಯಕ್ಕೆ ಸ್ಟೆಂಟ್ ಹಾಕಲಾಗಿದೆ.
>
> ಮುಂದಿನ ಚಿಕಿತ್ಸೆಗಾಗಿ ನನಗೆ ಈ ದಾಖಲೆಗಳು ಬೇಕು: 1) ಡಿಸ್ಚಾರ್ಜ್ ಕಾರ್ಡು. 2) ಒಳರೋಗಿ ಕೇಸ್ ಪೇಪರು, ವೈದ್ಯರ ಮತ್ತು ನರ್ಸುಗಳ ಟಿಪ್ಪಣಿ, ಔಷಧಿ ಕೊಟ್ಟ ಪಟ್ಟಿಯ ಸಮೇತ. 3) ಆಂಜಿಯೋಗ್ರಾಫಿ ಮತ್ತು ಆಂಜಿಯೋಪ್ಲಾಸ್ಟಿಯ ವರದಿ ಹಾಗೂ ಸಿಡಿ. 4) ಸ್ಟೆಂಟಿನ ಹೆಸರು, ಅಳತೆ, ಬ್ಯಾಚ್ ನಂಬರು ಇರುವ ಸ್ಟಿಕ್ಕರಿನ ನಕಲು. 5) ರಕ್ತ ಪರೀಕ್ಷೆ, ಇಸಿಜಿ, ಎಕೋ ವರದಿಗಳು.
>
> ಬಿಲ್ಲಿನ 66,500 ರೂಪಾಯಿಯ ಬಗ್ಗೆ ನಮ್ಮ ಆಕ್ಷೇಪವನ್ನು ಬೇರೆ ಪತ್ರದಲ್ಲಿ ಕೊಟ್ಟಿದ್ದೇವೆ. ಅದನ್ನು ಬಗೆಹರಿಸುವುದಕ್ಕೆ ನಾವು ಸಿದ್ಧರಿದ್ದೇವೆ, ಆದರೆ ದಾಖಲೆ ಕೊಡುವುದಕ್ಕೂ ಅದಕ್ಕೂ ಸಂಬಂಧವಿಲ್ಲ.
>
> ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮ 1.3.2ರಂತೆ, ಈ ಪತ್ರ ಮುಟ್ಟಿದ 72 ಗಂಟೆಯೊಳಗೆ ನಕಲುಗಳನ್ನು ಕೊಡಬೇಕೆಂದು ಕೋರುತ್ತೇನೆ. ನಕಲಿನ ಖರ್ಚು ಕೊಡುತ್ತೇನೆ. ನನ್ನ ಪರವಾಗಿ ಪಡೆಯಲು ನನ್ನ ಮಗ ______ ಅವರಿಗೆ ಅಧಿಕಾರ ಕೊಟ್ಟಿದ್ದೇನೆ.
>
> ರೋಗಿಯ ಸಹಿ, ತಾರೀಖು, ಫೋನ್ ನಂಬರು

ಪತ್ರವನ್ನು ಕನ್ನಡದಲ್ಲಿ ಬರೆದರೂ ತಪ್ಪಿಲ್ಲ, ಆದರೆ ಮೀರಜ್, ಕೊಲ್ಹಾಪುರದ ಆಸ್ಪತ್ರೆಗೆ ಮರಾಠಿ ಅಥವಾ ಇಂಗ್ಲಿಷಿನಲ್ಲಿ ಕೊಟ್ಟರೆ "ಓದಲು ಬರಲಿಲ್ಲ" ಎಂಬ ನೆಪ ಹುಟ್ಟುವುದಿಲ್ಲ. ಸಹಿ ಮಾತ್ರ ರೋಗಿಗೆ ಬರುವ ಭಾಷೆಯಲ್ಲೇ ಇರಲಿ.

ಸಣ್ಣ ತಪ್ಪುಗಳು, ದೊಡ್ಡ ತಡ

ಒಂದನೆಯದು ಹೆಸರು. ನಮ್ಮ ಕಡೆ ಆಧಾರಿನಲ್ಲಿ ಒಂದು ರೀತಿ, ಆಸ್ಪತ್ರೆಯ ದಾಖಲೆಯಲ್ಲಿ ಇನ್ನೊಂದು ರೀತಿ ಬರೆದಿರುವುದು ಮಾಮೂಲು. ಶೇಖ ಎಂಬುದು ಶೈಖ್ ಆಗಿರುತ್ತದೆ, ಹೆಂಗಸರ ಹೆಸರಿನ ಮುಂದೆ ಒಂದು ಕಡೆ ತಂದೆಯ ಹೆಸರು, ಇನ್ನೊಂದು ಕಡೆ ಗಂಡನ ಹೆಸರು ಇರುತ್ತದೆ. ಪತ್ರದಲ್ಲಿ ಆಸ್ಪತ್ರೆಯ ರಸೀದಿಯಲ್ಲಿ ಇರುವಂತೆಯೇ ಬರೆದು, ಆಧಾರಿನಲ್ಲಿ ಬೇರೆ ಇದ್ದರೆ "ಇಬ್ಬರೂ ಒಬ್ಬರೇ" ಎಂದು ಒಂದು ಸಾಲು ಸೇರಿಸಿ. ಒಳರೋಗಿ ನಂಬರು ಮುಂಗಡ ಹಣದ ರಸೀದಿಯ ಮೇಲೆಯೇ ಇರುತ್ತದೆ.

ಎರಡನೆಯದು ಪುರಾವೆ. ಪತ್ರದ ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಆಸ್ಪತ್ರೆಯ ಸೀಲು, ತಾರೀಖು, ಸಮಯ ಹಾಕಿಸಿಕೊಳ್ಳಿ. ಸೋಮವಾರ 11 ಗಂಟೆಗೆ ಸೀಲು ಬಿದ್ದರೆ ನಿಮ್ಮ 72 ಗಂಟೆ ಗುರುವಾರ 11ಕ್ಕೆ ಮುಗಿಯುತ್ತದೆ. ಸೀಲು ಹಾಕಲು ಒಪ್ಪದಿದ್ದರೆ ಅಂಚೆಯ ಮೂಲಕ ಸ್ವೀಕೃತಿ ಸಹಿತ ಕಳುಹಿಸಿ, ರಸೀದಿ ಕಾಪಾಡಿ. ಬರೀ ಬಾಯಿಮಾತಿನಲ್ಲಿ ಕೇಳಿದರೆ ಗಡಿಯಾರ ಶುರುವಾಗುವುದೇ ಇಲ್ಲ.

ಮೂರನೆಯದು ಸಹಿ. ನಕಲು ಕೊಡುವಾಗ ಕೆಲವೊಮ್ಮೆ "ನಮಗೆ ಯಾವ ದೂರೂ ಇಲ್ಲ, ಬಿಲ್ಲು ಒಪ್ಪಿದ್ದೇವೆ" ಎಂಬ ಹಾಳೆಯನ್ನೂ ಮುಂದೆ ಇಡುತ್ತಾರೆ. ಅದಕ್ಕೆ ಸಹಿ ಹಾಕಬೇಡಿ. "ಇಷ್ಟು ಪುಟಗಳ ನಕಲು ಸಿಕ್ಕಿತು" ಎಂದಷ್ಟೇ ಬರೆದು ಸಹಿ ಹಾಕಿ. ಡಿಸ್ಚಾರ್ಜ್ ಕಾರ್ಡು ಒಂದನ್ನೇ ಕೊಟ್ಟು ಮುಗಿಸಿದರೆ, ಬಾರದ ದಾಖಲೆಗಳ ಹೆಸರನ್ನು ಅದೇ ರಸೀದಿಯಲ್ಲಿ ಬರೆಯಿರಿ. ಸಿಡಿಯನ್ನು ಅಲ್ಲೇ ಕಂಪ್ಯೂಟರಿನಲ್ಲಿ ಹಾಕಿ ತೆರೆಯುತ್ತದೆಯೇ ನೋಡಿ.

ಗುರುವಾರವೂ ಉತ್ತರ ಬಾರದಿದ್ದರೆ?

ಆಸ್ಪತ್ರೆ "ಬಾಕಿ ಕಟ್ಟಿದರೆ ಮಾತ್ರ" ಎಂದು ಬರೆದುಕೊಟ್ಟರೆ ಬೇಸರಪಡಬೇಡಿ, ಅದೇ ನಿಮ್ಮ ದೊಡ್ಡ ಪುರಾವೆ. ಮೊದಲ ಪತ್ರದ ಪ್ರತಿ ಲಗತ್ತಿಸಿ ಅಧೀಕ್ಷಕರಿಗೆ ಒಂದು ನೆನಪೋಲೆ ಕೊಡಿ. ಅದಾದ ಮೇಲೆ, ಮೀರಜ್ ಅಥವಾ ಕೊಲ್ಹಾಪುರದ ವೈದ್ಯರ ಬಗ್ಗೆ ಮಹಾರಾಷ್ಟ್ರ ವೈದ್ಯಕೀಯ ಮಂಡಳಿಗೆ, ಬೆಳಗಾವಿಯ ವೈದ್ಯರ ಬಗ್ಗೆ ಕರ್ನಾಟಕ ವೈದ್ಯಕೀಯ ಮಂಡಳಿಗೆ ದೂರು ಕೊಡಬಹುದು. 2002ರ ನಿಯಮ ವೈದ್ಯರ ಮೇಲೆ ಬೀಳುವುದರಿಂದ ಚಿಕಿತ್ಸೆ ಮಾಡಿದ ವೈದ್ಯರ ಹೆಸರು ಪತ್ರದಲ್ಲಿ ಇರಲೇಬೇಕು. ನಮ್ಮ ಜಿಲ್ಲೆಯ ಖಾಸಗಿ ಆಸ್ಪತ್ರೆಗಳ ವಿರುದ್ಧವಾದರೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರವಿದೆ. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನ ಅರ್ಜಿಯೂ ಹಾಕಬಹುದು.

ಗಡಿಯಾಚೆಗೆ ಓಡಾಡಲು ಆಗದವರಿಗೆ ಇನ್ನೊಂದು ದಾರಿ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆಸ್ಪತ್ರೆ ಮೀರಜ್‌ನಲ್ಲಿದ್ದರೂ ನೀವು ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ನೀವು ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಆದರೆ ಘಟನೆ ನಡೆದ ಎರಡು ವರ್ಷದೊಳಗೆ ಹೋಗಬೇಕು.

ದಾಖಲೆ ಕೈಗೆ ಬಂದ ದಿನವೇ ಡಿಸ್ಚಾರ್ಜ್ ಕಾರ್ಡನ್ನು ಫೋನಿನಲ್ಲಿ ಫೋಟೋ ತೆಗೆದು ಮನೆಯ ಇಬ್ಬರ ಬಳಿ ಇಡಿ. ಮರುದಿನವೇ ಅದನ್ನು ನಿಮ್ಮೂರಿನ ವೈದ್ಯರಿಗೆ ತೋರಿಸಿ, ಗುಳಿಗೆಗಳು ಯಾವ ತಿಂಗಳವರೆಗೆ ಎಂದು ಬರೆಸಿಕೊಳ್ಳಿ. ಬಿಲ್ಲಿನ ಲೆಕ್ಕ ಆಮೇಲೆ ನಿಧಾನವಾಗಿ ಬಗೆಹರಿಸಿಕೊಳ್ಳಬಹುದು.