ಸ್ಲ್ಯಾಬ್ ಹಾಕುವ ದಿನದ ಬಿಸಿಲು

ತಮ್ಮಂದಿರೇ, ತಂಗಿಯರೇ, ಈ ವಾರ ನಮ್ಮ ಗ್ಯಾಂಗಿಗೆ ಹೊಸದಾಗಿ ಸೇರಿದವರು ಸ್ವಲ್ಪ ಮುಂದೆ ಬಂದು ಕೂತುಕೊಳ್ಳಿ. ಹಳಬರೂ ಕೇಳಲಿ, ಅದರಲ್ಲೂ ಮದುವೆ, ಜಾತ್ರೆ ಅಂತ ಊರಿಗೆ ಹೋಗಿ ಹದಿನೈದು ದಿನದ ಮೇಲೆ ವಾಪಸು ಬಂದವರು. ಕಲಬುರಗಿಯಲ್ಲಿ ಹುಟ್ಟಿ ಬೆಳೆದವರಿಗೆ 40 ಡಿಗ್ರಿ ದಾಟಿದ ಬಿಸಿಲು ಹೊಸದೇನಲ್ಲ ನಿಜ. ಆದರೆ ಬಿಸಿಲಲ್ಲಿ ದುಡಿದು ಬಿದ್ದವರ ಲೆಕ್ಕ ತೆಗೆದರೆ, ಅವರಲ್ಲಿ ಹೆಚ್ಚಿನವರು ಕೆಲಸಕ್ಕೆ ಬಂದ ಮೊದಲ ಕೆಲವು ದಿನಗಳಲ್ಲೇ ಬಿದ್ದಿರುತ್ತಾರೆ.

ಅದಕ್ಕೆ ಕಾರಣವಿದೆ. ಬಿಸಿಲಲ್ಲಿ ದಿನವೂ ದುಡಿಯುತ್ತಾ ಹೋದರೆ ಮೈ ಬೇಗ ಬೆವರಲು, ಹೆಚ್ಚು ಬೆವರಲು ಕಲಿಯುತ್ತದೆ. ಬೆವರಿನ ಜೊತೆ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಎದೆಬಡಿತವೂ ಹತೋಟಿಗೆ ಬರುತ್ತದೆ. ಇದು ಕೂಡಿಬರಲು ಒಂದರಿಂದ ಎರಡು ವಾರ ಬೇಕು. ವಾರಗಟ್ಟಲೆ ನೆರಳಲ್ಲಿದ್ದರೆ ಮೈ ಅದನ್ನು ಮರೆಯತೊಡಗುತ್ತದೆ. ಕಳೆದ ವರ್ಷವೆಲ್ಲ ಬಾಂಡ್ಲಿ ಹೊತ್ತವನು ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ಹೊಸಬರು ಮೊದಲ ದಿನ ಬಿಸಿಲಿನ ಕೆಲಸದಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ಮಾಡಬೇಕು. ದಿನಕ್ಕೊಂದು ಪಾಲು ಏರಿಸುತ್ತಾ ಐದನೆಯ ದಿನಕ್ಕೆ ಪೂರ್ತಿ ಮಾಡಿದರೆ ಸಾಕು. ರಜೆಯಿಂದ ಬಂದ ಹಳಬರು ಮೊದಲ ದಿನ ಅರ್ಧ ಮಾಡಿ, ನಾಲ್ಕನೆಯ ದಿನಕ್ಕೆ ಪೂರ್ತಿಗೆ ಬರಲಿ. ಉಳಿದ ಹೊತ್ತು ನೆರಳಲ್ಲಿ ರಾಡ್ ಕಟ್ಟುವುದು, ಸಾಮಾನು ಎಣಿಸುವುದು ಇದ್ದೇ ಇರುತ್ತದೆ. ಅದಕ್ಕಾಗಿ ಯಾರ ಕೂಲಿಯನ್ನೂ ಹಿಡಿಯುವುದಿಲ್ಲ, ಈ ಮಾತು ನನ್ನದು.

ಸ್ಲ್ಯಾಬ್ ಹಾಕುವ ದಿನ ನಮಗೆ ಎಲ್ಲಕ್ಕಿಂತ ಅಪಾಯದ ದಿನ. ಶುರು ಮಾಡಿದ ಸ್ಲ್ಯಾಬನ್ನು ನಡುವೆ ನಿಲ್ಲಿಸಿದರೆ ಹಳೆಯ ಕಾಂಕ್ರೀಟು ಗಟ್ಟಿಯಾಗಿ ಹೊಸದರ ಜೊತೆ ಕೂಡುವುದಿಲ್ಲ, ಮುಂದೆ ಅಲ್ಲೇ ನೀರು ಸೋರುತ್ತದೆ. ಆ ಹೆದರಿಕೆಗೆ ಯಾರೂ ಕೂರುವುದಿಲ್ಲ, ನೀರಿಗೂ ಹೋಗುವುದಿಲ್ಲ. ಸ್ಲ್ಯಾಬ್ ನಿಲ್ಲಬಾರದು ಸರಿ, ಹಾಗಂತ ಪ್ರತಿಯೊಬ್ಬರೂ ನಿಲ್ಲದೆ ದುಡಿಯಬೇಕಾಗಿಲ್ಲ. ನಸುಕಿನಲ್ಲೇ ಮಿಕ್ಸರ್ ಶುರು ಮಾಡೋಣ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳ ಹೊತ್ತನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಫ್ಯಾನಿನ ಕೆಳಗೆ ಕೂರುವವರಿಗೇ ಆ ಏರ್ಪಾಡು ಬೇಕಾದರೆ, ಬಾಂಡ್ಲಿ ಹೊರುವವರಿಗೆ ಬೇಡವೇ? ಗ್ಯಾಂಗನ್ನು ನಾಲ್ಕು ತಂಡ ಮಾಡೋಣ. ಮೂರು ತಂಡ ದುಡಿಯುವಾಗ ಒಂದು ತಂಡ ನೆರಳಲ್ಲಿ ಕೂರಲಿ, ಕಾಲು ಗಂಟೆಗೊಮ್ಮೆ ಸರದಿ ಬದಲಾಗಲಿ. ಆಗ ತಾಸಿಗೆ ಹದಿನೈದು ನಿಮಿಷ ಎಲ್ಲರಿಗೂ ಬಿಡುವು ಸಿಗುತ್ತದೆ, ಮಿಕ್ಸರೂ ನಿಲ್ಲುವುದಿಲ್ಲ. ಬಿಸಿಲು ತೀರಾ ಏರಿದರೆ ಬಿಡುವನ್ನು ಇನ್ನೂ ಹೆಚ್ಚಿಸೋಣ. ನೆರಳು ಅಂದರೆ ತಗಡಿನ ಶೆಡ್ಡಲ್ಲ, ಅದು ಕಾದು ಮೇಲಿಂದ ಕಾವು ಸುರಿಯುತ್ತದೆ. ಗಾಳಿಯಾಡುವ ಬೇವಿನ ಮರದ ಕೆಳಗೆ ಕೂರಿ, ಇಲ್ಲವಾದರೆ ಕೆಳಗಿನ ಅಂತಸ್ತಿನ ಒಳಗೆ ಕೂರಿ.

ಇನ್ನು ನೀರಿನ ಮಾತು. ಸಿಮೆಂಟಿಗೆ ಡ್ರಮ್ಮುಗಟ್ಟಲೆ ನೀರು ತುಂಬಿಸಿಟ್ಟು, ಮನುಷ್ಯರಿಗೆ ಒಂದು ಕೊಡವೂ ಇಲ್ಲದ ಸೈಟುಗಳನ್ನು ನಾನು ಕಂಡಿದ್ದೇನೆ. ಕುಡಿಯುವ ನೀರು ನೀವು ಕೆಲಸ ಮಾಡುವ ಜಾಗದ ಹತ್ತಿರವೇ ಇರಬೇಕು, ಮೇಲಿನ ಅಂತಸ್ತಿಗೂ ಕೊಡ ಬರಬೇಕು. ಬಾಯಾರಿಕೆ ತಡವಾಗಿ ತಿಳಿಯುತ್ತದೆ, ಅದಕ್ಕೆ ಕಾಯಬೇಡಿ. ಇಪ್ಪತ್ತು ನಿಮಿಷಕ್ಕೊಂದು ಲೋಟ, ಅಂದರೆ ಕಾಲು ಲೀಟರು ಕುಡಿಯಿರಿ. ತಾಸಿಗೆ ಮುಕ್ಕಾಲು ಲೀಟರಾಗುತ್ತದೆ. ತುಂಬಾ ಬೆವರುತ್ತಿದ್ದರೆ ಒಂದು ಲೀಟರಾಗಬಹುದು, ಆದರೆ ಒಂದೂವರೆ ಲೀಟರು ದಾಟಬೇಡಿ. ಒಂದೇ ಸಮನೆ ಬರೀ ನೀರನ್ನೇ ತುಂಬಿಕೊಂಡರೆ ರಕ್ತದ ಉಪ್ಪು ತಿಳಿಯಾಗಿ ಅದೂ ಅಪಾಯವೇ. ಹೊಟ್ಟೆ ತುಂಬಾ ರೊಟ್ಟಿ, ಪಲ್ಯ ಉಂಡು ಬಂದವರಿಗೆ ಊಟದ ಉಪ್ಪು ಸಾಮಾನ್ಯವಾಗಿ ಸಾಕಾಗುತ್ತದೆ. ತಾಸುಗಟ್ಟಲೆ ಬೆವರು ಸುರಿದಿದ್ದರೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ, ಇಲ್ಲವೇ ಓಆರ್‌ಎಸ್ ಪುಡಿ ಕಲಸಿದ ನೀರು ಕುಡಿಯಿರಿ. ಆ ಪೊಟ್ಟಣದ ಮೇಲೆ ಒಂದು ಲೀಟರು ಎಂದಿದ್ದರೆ ಒಂದು ಲೀಟರಿಗೇ ಕಲಸಬೇಕು, ಗಟ್ಟಿಯಾಗಿ ಕಲಸಿದರೆ ಲಾಭವಿಲ್ಲ, ಕೇಡೇ. ಬಿಪಿ, ಮೂತ್ರಪಿಂಡದ ತೊಂದರೆಗೆ ಮಾತ್ರೆ ನುಂಗುವವರು ಉಪ್ಪು, ನೀರಿನ ಲೆಕ್ಕವನ್ನು ಡಾಕ್ಟರನ್ನೇ ಕೇಳಿ. ರಾತ್ರಿ ಕುಡಿದು ಬರುವವರಿಗೆ ಹೇಳುತ್ತೇನೆ, ಸಾರಾಯಿ ಮೈಯ ನೀರನ್ನು ಹೊರಗೆ ಹಾಕುತ್ತದೆ. ಬೆಳಿಗ್ಗೆ ಬಿಸಿಲಿಗೆ ಬಂದಾಗಲೇ ನೀವು ಒಣಗಿರುತ್ತೀರಿ.

ತಂಗಿಯರೇ, ಸೈಟಿನಲ್ಲಿ ಶೌಚಾಲಯವಿಲ್ಲವೆಂದು ನೀವು ನೀರು ಕುಡಿಯದೇ ಇರುವುದು ನನಗೆ ಗೊತ್ತು. ಆ ಹಟ ಬಿಡಿ. ತಾತ್ಕಾಲಿಕ ಶೌಚಾಲಯ ಕಟ್ಟಿಸುವುದು ನಮ್ಮ ಜವಾಬ್ದಾರಿ, ಅದನ್ನು ಬಾಯಿಬಿಟ್ಟು ಕೇಳುವ ಹಕ್ಕು ನಿಮಗಿದೆ. ಮೂತ್ರ ತಿಳಿ ಹಳದಿ ಇದ್ದರೆ ನೀರು ಸಾಕಾಗಿದೆ ಎಂದು ತಿಳಿಯಿರಿ. ಕಡು ಹಳದಿಯಾದರೆ, ಮಧ್ಯಾಹ್ನದವರೆಗೆ ಮೂತ್ರಕ್ಕೇ ಹೋಗದಿದ್ದರೆ, ಕಡಿಮೆಯಾಗಿದೆ.

ಬೀಳುವ ಮುನ್ನ ಮೈ ಹೇಳುತ್ತದೆ. ತಲೆನೋವು, ಕಣ್ಣು ಕತ್ತಲೆ, ಓಕರಿಕೆ, ಕೈಕಾಲು ಸೆಳೆತ, ಸುಸ್ತು, ವಿಪರೀತ ಬೆವರು. ಇಷ್ಟಾದರೆ ನೆರಳಿಗೆ ಬಂದು ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿಕೊಂಡು, ಸ್ವಲ್ಪ ಸ್ವಲ್ಪವೇ ನೀರು ಕುಡಿಯಬೇಕು. ಅರ್ಧ ತಾಸಿನಲ್ಲಿ ಹಗುರಾಗದಿದ್ದರೆ ಆಸ್ಪತ್ರೆ. ಆದರೆ ಇದರಾಚೆಗಿನ ಗುರುತು ಬಿದ್ದವನಿಗೆ ತಿಳಿಯುವುದಿಲ್ಲ. ತಲೆ ಬಿಸಿಯೇರಿದಾಗ ಮೊದಲು ಕೆಡುವುದು ಬುದ್ಧಿ. ಆದ್ದರಿಂದ ಇಬ್ಬಿಬ್ಬರು ಜೋಡಿಯಾಗಿ ಇರಿ, ಒಬ್ಬರನ್ನೊಬ್ಬರು ಮಾತಾಡಿಸುತ್ತಿರಿ.

ಹಿಂದೊಂದು ಸೈಟಿನಲ್ಲಿ ಮೂರನೆಯ ದಿನದ ಹುಡುಗನೊಬ್ಬ ಬಾಂಡ್ಲಿಯನ್ನು ಮೂಲೆಗೆ ಹಾಕಿ ಎಂದರೆ ಮೆಟ್ಟಿಲಿಗೆ ಸುರಿದ. ಜೊತೆಗಾರ ಕೇಳಿದ್ದಕ್ಕೆ ಸಂಬಂಧವಿಲ್ಲದ ಮಾತಾಡಿ ರೇಗಿದ, ನಾಲಿಗೆ ತೊದಲಿತು, ನಡೆದರೆ ಜೋಲಿ ಹೊಡೆಯುತ್ತಿದ್ದ. ಬೆವರು ಸುರಿಯುತ್ತಲೇ ಇತ್ತು. ಬೆವರಿದ್ದರೆ ಭಯವಿಲ್ಲ ಎಂಬ ಮಾತನ್ನು ನಂಬಬೇಡಿ, ದುಡಿಯುವವರಿಗೆ ಬೆವರು ಇದ್ದೇ ಬಿಸಿಲ ಹೊಡೆತ ಬರುತ್ತದೆ. ಒಬ್ಬ 108ಕ್ಕೆ ಫೋನು ಮಾಡಿದ. ಉಳಿದವರು ಅವನನ್ನು ನೆರಳಿಗೆ ಇಳಿಸಿ, ಅಂಗಿ ಬಿಚ್ಚಿ, ಕ್ಯೂರಿಂಗ್ ಪೈಪು ಹಿಡಿದರು. ಬಿಸಿಲಿಗೆ ಬಿದ್ದಿರುವ ಪೈಪಿನಲ್ಲಿ ಮೊದಲು ಕುದಿನೀರೇ ಬರುತ್ತದೆ. ಅದನ್ನು ನೆಲಕ್ಕೆ ಬಿಟ್ಟು, ತಣ್ಣಗಾದ ಮೇಲೆ ತಲೆಯಿಂದ ಕಾಲಿನವರೆಗೆ ಸುರಿದರು. ಇಬ್ಬರು ಖಾಲಿ ಸಿಮೆಂಟು ಚೀಲದಿಂದ ಬೀಸುತ್ತಲೇ ಇದ್ದರು. ಸೋಡಾ ಅಂಗಡಿಯ ಐಸನ್ನು ಬಟ್ಟೆಯಲ್ಲಿ ಸುತ್ತಿ ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಒತ್ತಿದರು. ಆಂಬುಲೆನ್ಸ್ ಬರುವವರೆಗೆ ನೀರು ನಿಲ್ಲಿಸಲಿಲ್ಲ. ಅವನು ಬದುಕಿದ್ದು ಅದರಿಂದಲೇ, ಏಕೆಂದರೆ ಇಲ್ಲಿ ಮೈ ಬೇಗ ತಣ್ಣಗಾಗಬೇಕು, ಗಾಡಿ ಬರಲಿ ಎಂದು ಕಾಯಬಾರದು. ಬಾಯಿಗೆ ಮಾತ್ರ ಏನನ್ನೂ ಹಾಕಲಿಲ್ಲ. ಪ್ರಜ್ಞೆ ಸರಿಯಿಲ್ಲದವನಿಗೆ ನೀರು ಕುಡಿಸಿದರೆ ಶ್ವಾಸಕ್ಕೆ ಹೋಗುತ್ತದೆ. ಜ್ವರದ ಮಾತ್ರೆಯೂ ಬೇಡ, ಈ ಬಿಸಿಗೂ ಜ್ವರಕ್ಕೂ ಸಂಬಂಧವಿಲ್ಲ.

ಹೀಗೆ ಬಿದ್ದವನು ನಾಳೆಯೇ ಕೆಲಸಕ್ಕೆ ಬರುತ್ತೇನೆಂದರೆ ನಾನು ಒಪ್ಪುವುದಿಲ್ಲ. ಕನಿಷ್ಠ ಒಂದು ವಾರ ಮನೆಯಲ್ಲಿರಲಿ, ಡಾಕ್ಟರು ಹೇಳಿದ ಮೇಲೆಯೇ ಬರಲಿ, ಬಂದಾಗ ಮತ್ತೆ ಐದರಲ್ಲಿ ಒಂದು ಪಾಲಿನಿಂದಲೇ ಶುರು ಮಾಡಲಿ.