ಸೆಲ್ಲಿನ ಮೈಮೇಲಿನ ಅಂಕಿ ಮತ್ತು ಬಳಕೆಗೆ ದಕ್ಕುವ ಅಂಕಿ: ವಿಸರ್ಜನ ರೇಖೆಯ ವಾಚನ

ಎರಡು ಗಂಟೆಯ ಉಪನ್ಯಾಸಕ್ಕಾಗಿ ಧ್ವನಿವರ್ಧಕದ ಸಣ್ಣ ಪೆಟ್ಟಿಗೆಯೊಂದನ್ನು ಇರಿಸಲಾಗಿದೆ ಎಂದುಕೊಳ್ಳೋಣ. ಅದು ಒಂದೇ ಲಿಥಿಯಂ ಅಯಾನ್ ಸೆಲ್ಲಿನಿಂದ ನಡೆಯುತ್ತದೆ. ಎಳೆದುಕೊಳ್ಳುವ ಪ್ರವಾಹ ಸರಾಸರಿ 1300 ಮಿಲಿಆಂಪಿಯರ್. ಸೆಲ್ಲಿನ ಮೇಲೆ 2600 ಮಿಲಿಆಂಪಿಯರ್-ಗಂಟೆ ಎಂದು ಅಚ್ಚಾಗಿದೆ. ಭಾಗಿಸಿದರೆ ಸರಿಯಾಗಿ ಎರಡು ಗಂಟೆ. ಆದರೂ ವಂದನಾರ್ಪಣೆಗೆ ಇನ್ನೂ ಇಪ್ಪತ್ತು ನಿಮಿಷ ಇರುವಾಗಲೇ ಪೆಟ್ಟಿಗೆ ಮೂಕವಾಗುತ್ತದೆ. ಸೆಲ್ ಕೆಟ್ಟಿಲ್ಲ, ಅಚ್ಚಾದ ಅಂಕಿಯೂ ಸುಳ್ಳಲ್ಲ. ಆ ಅಂಕಿ ಯಾವ ಷರತ್ತಿಗೆ ಒಳಪಟ್ಟದ್ದು ಎಂಬುದನ್ನು ತಯಾರಕರ ಡೇಟಾಶೀಟಿನಲ್ಲಿರುವ ವಿಸರ್ಜನ ರೇಖೆ ಹೇಳುತ್ತದೆ.

ಮೊದಲು ಪದಗಳ ಮಾತು. ಮರಾಠಿ ಶಾಲೆಯಲ್ಲಿ ಗಣಿತ ಕಲಿತವರಿಗೆ ‘ಆಲೇಖ’ ಪರಿಚಿತ ಪದ. ಕನ್ನಡ ಪಠ್ಯಗಳಲ್ಲಿ ‘ನಕ್ಷೆ’ಯೂ ರೂಢಿಯಲ್ಲಿದೆ. ಇಲ್ಲಿ ಎಚ್ಚರ ಬೇಕಾದದ್ದು ‘ಸಾಮರ್ಥ್ಯ’ ಎಂಬ ಪದದ ವಿಷಯದಲ್ಲಿ. ಕನ್ನಡ ಭೌತಶಾಸ್ತ್ರದಲ್ಲಿ ಅದು ವ್ಯಾಟ್‌ಗಳಲ್ಲಿ ಅಳೆಯುವ ಪರಿಮಾಣಕ್ಕೆ ಸಲ್ಲುವುದರಿಂದ, ಸೆಲ್ಲಿನಿಂದ ಹೊರಬರಬಲ್ಲ ಒಟ್ಟು ಆವೇಶವನ್ನು ‘ಧಾರಣೆ’ ಎಂದು ಕರೆದರೆ ಗೊಂದಲ ತಪ್ಪುತ್ತದೆ.

ಈ ಬಗೆಯ ಸೆಲ್ಲುಗಳಲ್ಲಿ ಕಾಣುವಂಥ ಒಂದು ಆಲೇಖವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅಡ್ಡ ಅಕ್ಷದಲ್ಲಿ ಅದುವರೆಗೆ ಹೊರಬಂದ ಆವೇಶವಿದೆ. ಲಂಬ ಅಕ್ಷದಲ್ಲಿ ಸೆಲ್ಲಿನ ವೋಲ್ಟೇಜ್. ಲಂಬ ಅಕ್ಷ ಸೊನ್ನೆಯಿಂದಲ್ಲ, 2.5ರಿಂದ ಆರಂಭವಾಗುತ್ತದೆ, ಆದ್ದರಿಂದ ಇಳಿಜಾರು ಇರುವುದಕ್ಕಿಂತ ಕಡಿದಾಗಿ ತೋರುತ್ತದೆ. ರೇಖೆ 4.2 ವೋಲ್ಟಿನಿಂದ ಹೊರಟು, ನಡುವೆ ನಿಧಾನವಾಗಿ ಜಾರಿ, ಕೊನೆಯಲ್ಲಿ ಮೊಣಕಾಲಿನಂತೆ ಮಡಿದು ಧುಮುಕುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಷರತ್ತುಗಳಿವೆ: 25 ಡಿಗ್ರಿ ಸೆಲ್ಸಿಯಸ್, 0.2 ಸಿ, ಕೊನೆಯ ವೋಲ್ಟೇಜ್ 2.75. ಹಳೆಯ ಕಾವ್ಯವನ್ನು ಓದುವವರು ಅಡಿಟಿಪ್ಪಣಿಯನ್ನು ಬಿಡುವುದಿಲ್ಲ. ಇಲ್ಲಿಯೂ ಅರ್ಥವೆಲ್ಲ ಅಲ್ಲಿಯೇ ಇದೆ. ಒಂದು ಸಿ ಎಂದರೆ ಪೂರ್ಣ ಧಾರಣೆಯನ್ನು ಒಂದು ಗಂಟೆಯಲ್ಲಿ ತೆಗೆಯುವ ಪ್ರವಾಹ, ಇಲ್ಲಿ 2600 ಮಿಲಿಆಂಪಿಯರ್. 0.2 ಸಿ ಎಂದರೆ ಕೇವಲ 520. ಅಂದರೆ ಅಚ್ಚಾದ ಅಂಕಿ ಐದು ಗಂಟೆಗಳ ಕಾಲ ಮೆಲ್ಲಗೆ ಹೀರಿ, 2.75 ವೋಲ್ಟಿನವರೆಗೂ ಇಳಿಸಿ ಪಡೆದದ್ದು.

ನಮ್ಮ ಪೆಟ್ಟಿಗೆಯ ಪ್ರವಾಹ ಅದರ ಎರಡೂವರೆ ಪಟ್ಟು, ಎಂದರೆ 0.5 ಸಿ. ಹೀಗಾಗಿ 0.2 ಸಿ ರೇಖೆಯನ್ನು ಬಿಟ್ಟು ಅದರ ಕೆಳಗಿನ 0.5 ಸಿ ರೇಖೆಯನ್ನು ಹಿಡಿಯಬೇಕು. ಅದು ಕೆಳಗಿರುವುದಕ್ಕೆ ಮುಖ್ಯ ಕಾರಣ ಸೆಲ್ಲಿನ ಒಳರೋಧ. ರೋಧ 0.08 ಓಮ್ ಇದ್ದರೆ, 1.3 ಆಂಪಿಯರ್ ಹರಿಯುವಾಗ ಸುಮಾರು 0.1 ವೋಲ್ಟ್ ಒಳಗೇ ವ್ಯಯವಾಗುತ್ತದೆ.

ಇನ್ನು ಪೆಟ್ಟಿಗೆ ಯಾವ ವೋಲ್ಟೇಜಿನಲ್ಲಿ ಕೆಲಸ ನಿಲ್ಲಿಸುತ್ತದೆ ಎಂಬುದು ಪ್ರಶ್ನೆ. ಅದರ ಕೈಪಿಡಿಯ ಪ್ರಕಾರ 3.4 ವೋಲ್ಟ್. ಲಂಬ ಅಕ್ಷದ 3.4ರಿಂದ ಅಡ್ಡಲಾಗಿ ಸ್ಕೇಲಿಟ್ಟು ಗೆರೆ ಎಳೆದರೆ ಅದು 0.5 ಸಿ ರೇಖೆಯನ್ನು ಒಂದೆಡೆ ಕತ್ತರಿಸುತ್ತದೆ. ಆ ಬಿಂದುವಿನಿಂದ ನೇರ ಕೆಳಗಿಳಿದರೆ ಅಡ್ಡ ಅಕ್ಷದಲ್ಲಿ 2000 ಮತ್ತು 2500ರ ನಡುವೆ, ಸುಮಾರು 2150 ಸಿಗುತ್ತದೆ. ಬಳಕೆಗೆ ದಕ್ಕುವ ಧಾರಣೆ ಇದೇ. 2150ನ್ನು 1300ರಿಂದ ಭಾಗಿಸಿದರೆ 1.65, ಎಂದರೆ ಒಂದು ಗಂಟೆ ಮೂವತ್ತೊಂಬತ್ತು ನಿಮಿಷ. ಕಣ್ಣಳತೆಯಲ್ಲಿ ಐವತ್ತು ಅಂಕ ಆಚೀಚೆಯಾದರೂ ವ್ಯತ್ಯಾಸ ಎರಡು ನಿಮಿಷ ಚಿಲ್ಲರೆ. ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ರೇಖೆ ಅಲ್ಲಿಂದ ಮುಂದೆ 2500ರವರೆಗೂ ಸಾಗುತ್ತದೆ. ಆ ಉಳಿದ ಆವೇಶ ಸೆಲ್ಲಿನಲ್ಲಿದ್ದರೂ ಈ ಪೆಟ್ಟಿಗೆಯ ಪಾಲಿಗೆ ಇಲ್ಲ. 3.0 ವೋಲ್ಟಿನವರೆಗೆ ನಡೆಯುವ ಟಾರ್ಚಿಗೆ ಹಾಕಿದರೆ ಅದೇ ಸೆಲ್ ಇನ್ನೂ ಬೆಳಕು ಕೊಡುತ್ತದೆ. ಹಾಗಾಗಿ ‘ಸೆಲ್ ಮುಗಿಯಿತು’ ಎಂಬ ಮಾತು ಸೆಲ್ಲಿಗಿಂತ ಹೆಚ್ಚಾಗಿ ಉಪಕರಣದ ಬಗ್ಗೆ ಆಡಿದ ಮಾತು.

ಈ ಆಲೇಖ ಹೊಸ ಸೆಲ್ಲಿನದು ಎಂಬುದನ್ನು ಮರೆಯುವವರೇ ಹೆಚ್ಚು. ನೂರಾರು ಬಾರಿ ಚಾರ್ಜ್ ಆದ ಸೆಲ್ಲಿನ ಧಾರಣೆ ಶೇಕಡಾ 80ಕ್ಕೆ ಇಳಿದಿದ್ದರೆ 2150ರ ಜಾಗದಲ್ಲಿ 1720 ಎಂದು ಹಿಡಿಯಬಹುದು. ಅದು ಒಂದು ಗಂಟೆ ಹತ್ತೊಂಬತ್ತು ನಿಮಿಷ. ವಾಸ್ತವದಲ್ಲಿ ಇನ್ನೂ ಕಡಿಮೆ. ವಯಸ್ಸಿನೊಂದಿಗೆ ಒಳರೋಧವೂ ಏರಿ ಇಡೀ ರೇಖೆ ಕೆಳಗೆ ಸರಿಯುವುದರಿಂದ 3.4ರ ಗೆರೆಯನ್ನು ಅದು ಬೇಗನೆ ತಾಕುತ್ತದೆ. ಚಳಿಯೂ ಇದೇ ಕೆಲಸ ಮಾಡುತ್ತದೆ. ಅದಕ್ಕೆ ಡೇಟಾಶೀಟಿನಲ್ಲಿ ಬೇರೆ ಆಲೇಖವಿರುತ್ತದೆ.

ಪೆಟ್ಟಿಗೆ ನಿಂತಾಗ ದೋಷ ಎಲ್ಲಿದೆಯೆಂದು ತಿಳಿಯಲು ಮಲ್ಟಿಮೀಟರ್ ಸಾಕು. ನಿಲ್ಲುವ ಮುನ್ನ ಸೆಲ್ 3.4 ವೋಲ್ಟ್ ತೋರಿಸಿ, ಕಳಚಿ ಹತ್ತು ನಿಮಿಷ ಬಿಟ್ಟಾಗ 3.55ರ ಆಸುಪಾಸಿಗೆ ಏರಿದರೆ ಅದು ಸಹಜ. 3.8ಕ್ಕೇ ಜಿಗಿದರೆ ಒಳರೋಧ ಮಿತಿಮೀರಿದೆ. ಆವೇಶ ಬಾಕಿಯಿದ್ದರೂ ಅದನ್ನು ಆ ವೇಗದಲ್ಲಿ ಹೊರಗೆ ಕೊಡಲು ಆ ಸೆಲ್ಲಿಗೆ ಆಗುತ್ತಿಲ್ಲ.