ಹೊಸ ನೆರೆಮನೆಯವರಿಗೊಂದು ಚೀಟಿ: ಸ್ವಾಗತವಿರಲಿ, ಒತ್ತಾಯ ಬೇಡ

ಖಾಸಗಿ ಪತ್ರ ಮತ್ತು ವ್ಯಾವಹಾರಿಕ ಪತ್ರ ಬರೆಯುವುದನ್ನು ನಾವು ಕನ್ನಡ ತರಗತಿಯಲ್ಲಿ ಕಲಿತಿದ್ದೇವೆ. ಈ ಎರಡರಲ್ಲಿ ಯಾವುದಕ್ಕೂ ಪೂರ್ತಿ ಸೇರದ ಬರಹವೊಂದಿದೆ. ಅದು ಪಕ್ಕದ ಮನೆಗೆ ಹೊಸದಾಗಿ ಬಂದವರಿಗೆ ಬರೆಯುವ ಸ್ವಾಗತದ ಚೀಟಿ. ಓದುವವರು ಅಪರಿಚಿತರಾದ್ದರಿಂದ ಖಾಸಗಿ ಪತ್ರದ ಸಲುಗೆ ಇಲ್ಲಿ ಸಲ್ಲದು. ನಾಳೆಯಿಂದ ನಮ್ಮ ಜೊತೆ ಒಂದೇ ಮೆಟ್ಟಿಲು ಹತ್ತಿ ಇಳಿಯುವವರಾದ್ದರಿಂದ ಅರ್ಜಿಯ ಧಾಟಿಯೂ ಹೊಂದದು. ಇಂಥ ಚೀಟಿಯನ್ನು ಹೇಗೆ ಬರೆಯಬೇಕೆಂದು ಒಂದು ಉದಾಹರಣೆಯ ಮೂಲಕ ನೋಡೋಣ.

ಆರು ಮನೆಗಳ ಒಂದು ಕಟ್ಟಡ ಎಂದಿಟ್ಟುಕೊಳ್ಳಿ. ಶನಿವಾರ ಸಂಜೆ ಮನೆ ನಂ. 4ರ ಮುಂದೆ ಸಾಮಾನಿನ ಲಾರಿ ನಿಂತಿದೆ. ಎದುರಿನ ಮನೆ ನಂ. 3ರಲ್ಲಿ ಒಬ್ಬ ಪಿಯುಸಿ ವಿದ್ಯಾರ್ಥಿನಿ ಇದ್ದಾಳೆ. ಅಮ್ಮ ಹೇಳಿದರೆಂದು ಅವಳು ಮೊದಲು ಹೀಗೆ ಬರೆಯುತ್ತಾಳೆ:

“ನಮಸ್ಕಾರ. ನಮ್ಮ ಕಟ್ಟಡಕ್ಕೆ ಸ್ವಾಗತ. ನೀವು ಯಾವ ಊರಿನವರು? ಮನೆಯಲ್ಲಿ ಎಷ್ಟು ಜನ ಇದ್ದೀರಿ? ಯಜಮಾನರಿಗೆ ಎಲ್ಲಿ ಕೆಲಸ? ನಾಳೆ ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬರಲೇಬೇಕು. ನಿಮ್ಮ ಫೋನ್ ನಂಬರ್ ಕೊಡಿ, ಕಟ್ಟಡದ ವಾಟ್ಸ್ಆ್ಯಪ್ ಗ್ರೂಪಿಗೆ ಸೇರಿಸುತ್ತೇವೆ. ಮೊದಲು ಇದ್ದವರು ರಾತ್ರಿ ಟಿವಿ ಜೋರಾಗಿ ಹಾಕುತ್ತಿದ್ದರು, ನೀವು ಹಾಗಲ್ಲ ಎಂದುಕೊಂಡಿದ್ದೇವೆ.”

ಬರೆದವಳ ಮನಸ್ಸಿನಲ್ಲಿ ಪ್ರೀತಿಯೇ ಇದೆ. ಆದರೆ ಮಾತಿಗೂ ಬರಹಕ್ಕೂ ಇರುವ ಒಂದು ವ್ಯತ್ಯಾಸವನ್ನು ಅವಳು ಗಮನಿಸಿಲ್ಲ. “ಯಾವ ಊರು?” ಎಂದು ಮೆಟ್ಟಿಲ ಮೇಲೆ ಕೇಳಿದರೆ, ಉತ್ತರಿಸಲು ಇಷ್ಟವಿಲ್ಲದವರು ನಕ್ಕು ಮಾತು ಬದಲಿಸಬಹುದು. ಕಾಗದದ ಮೇಲಿನ ಪ್ರಶ್ನೆ ಹಾಗಲ್ಲ. ಉತ್ತರ ಬರುವವರೆಗೆ ಅದು ಅಲ್ಲೇ ಕುಳಿತಿರುತ್ತದೆ. ಈ ಚೀಟಿಯಲ್ಲಿ ಮೂರು ಪ್ರಶ್ನೆ, ಒಂದು ಆಹ್ವಾನ, ಒಂದು ಬೇಡಿಕೆ ಇವೆ. ಅಂದರೆ ಪೆಟ್ಟಿಗೆಗಳನ್ನು ಬಿಚ್ಚುವ ಮೊದಲೇ ಹೊಸಬರ ತಲೆಯ ಮೇಲೆ ಐದು ಸಾಲಗಳನ್ನು ಹೊರಿಸಿದಂತಾಯಿತು. ಒಳ್ಳೆಯ ಸ್ವಾಗತದ ಚೀಟಿ ಓದಿದವರ ಮೇಲೆ ಒಂದು ಸಾಲವನ್ನೂ ಉಳಿಸುವುದಿಲ್ಲ.

ಕ್ರಿಯಾಪದಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. “ಬರಲೇಬೇಕು” ಎಂಬುದು ಬಾಗಿಲಲ್ಲಿ ನಿಂತು, ಪರಿಚಿತರಿಗೆ ಹೇಳಿದಾಗ ಅಕ್ಕರೆಯ ಮಾತು. ಅಪರಿಚಿತರಿಗೆ ಬರೆದಾಗ ಅದೇ ಒತ್ತಾಯವಾಗುತ್ತದೆ, ಏಕೆಂದರೆ ಬರಲಾಗದಿದ್ದರೆ ಅವರು ಕಾರಣ ಹೇಳಬೇಕಾಗುತ್ತದೆ. ಹಾಗೆಂದು “ಬರಬಹುದು” ಎಂದು ಬರೆದರೆ ಅನುಮತಿ ಕೊಟ್ಟಂತೆ ಕೇಳಿಸುತ್ತದೆ, ಅದರಲ್ಲಿ ಬಿಸುಪಿಲ್ಲ. ಇಲ್ಲಿ ನೆರವಿಗೆ ಬರುವುದು “ಬೇಕಾದರೆ” ಎಂಬ ಪದ. “ಬೇಕಾದರೆ ಬಾಗಿಲು ತಟ್ಟಿ” ಎಂದಾಗ ಆಹ್ವಾನವೂ ಇದೆ, ತೀರ್ಮಾನವೂ ಅವರ ಕೈಯಲ್ಲೇ ಉಳಿಯುತ್ತದೆ.

“ಯಜಮಾನರಿಗೆ” ಎಂಬ ಪದದಲ್ಲಿ ಒಂದು ಊಹೆ ಅಡಗಿದೆ. ಆ ಮನೆಗೆ ಬಂದವರು ತಾಯಿ ಮಗಳು ಇಬ್ಬರೇ ಇರಬಹುದು, ಜೊತೆಯಾಗಿ ಬಾಡಿಗೆ ಹಿಡಿದ ಇಬ್ಬರು ನರ್ಸ್‌ಗಳಿರಬಹುದು. ವಂದನೆಯ ಪದಕ್ಕೂ ಇದೇ ಮಾತು. ಬೋರ್ಡಿನಲ್ಲಿರುವ ಹೆಸರನ್ನೋ ಉಡುಪನ್ನೋ ನೋಡಿ “ಅಸ್ಸಲಾಮು ಅಲೈಕುಂ” ಎಂದು ಬರೆಯಬೇಕೋ ಬೇಡವೋ ಎಂದು ಲೆಕ್ಕ ಹಾಕುವುದಕ್ಕಿಂತ, ಚೀಟಿಯಲ್ಲಿ “ನಮಸ್ಕಾರ” ಎಂದಿರಲಿ. ಪರಿಚಯವಾದ ಮೇಲೆ ಸಲಾಂ ಹೇಳುವುದು ಇದ್ದೇ ಇದೆ. ಇನ್ನು ಹಿಂದಿನವರ ಟಿವಿಯ ದೂರು ಓದಿದವರಿಗೆ ತಿಳಿಯುವುದು ಒಂದೇ: ನಾಳೆ ನಮ್ಮ ಬಗ್ಗೆಯೂ ಇವರು ಹೀಗೆಯೇ ಹೇಳುತ್ತಾರೆ.

ಪ್ರಶ್ನೆಗಳನ್ನು ತೆಗೆದರೆ ಚೀಟಿಯಲ್ಲಿ ಏನು ಉಳಿಯುತ್ತದೆ? ನಮಗೆ ಗೊತ್ತಿರುವ, ಅವರಿಗೆ ಮೊದಲ ವಾರದಲ್ಲಿ ಬೇಕಾಗುವ ಸಂಗತಿಗಳು. ತಿದ್ದಿದ ಚೀಟಿ ಹೀಗಿದೆ:

“ನಮಸ್ಕಾರ.
ನಮ್ಮ ಕಟ್ಟಡಕ್ಕೆ ಸ್ವಾಗತ. ನಾವು ಎದುರಿನ ಮನೆ ನಂ. 3ರವರು. ಮೊದಲ ವಾರಕ್ಕೆ ಉಪಯೋಗವಾದೀತೆಂದು ಕೆಲವು ವಿಷಯ ಬರೆದಿದ್ದೇವೆ.
ನಗರಸಭೆಯ ನೀರು ದಿನ ಬಿಟ್ಟು ದಿನ ಬೆಳಿಗ್ಗೆ 6ರಿಂದ 7ರವರೆಗೆ ಬರುತ್ತದೆ. ಮುಂದಿನ ಸರದಿ ಸೋಮವಾರ. ಹಸಿ ಕಸದ ಗಾಡಿ ದಿನವೂ ಏಳೂವರೆಗೆ ಗೇಟಿನ ಬಳಿ ಬರುತ್ತದೆ, ಒಣ ಕಸ ಬುಧವಾರ ಮಾತ್ರ. ಕರೆಂಟ್ ಹೋದರೆ ದೂರು ಕೊಡುವ ನಂಬರ್ 1912.
ಸಾಮಾನು ಜೋಡಿಸಲು ಸುತ್ತಿಗೆ, ಏಣಿ ಬೇಕಾದರೆ ಸಂಜೆ 5ರಿಂದ 8ರೊಳಗೆ ಬಾಗಿಲು ತಟ್ಟಿ. ಉತ್ತರ ಬರೆಯುವ ತೊಂದರೆ ಬೇಡ, ಮೆಟ್ಟಿಲಲ್ಲಿ ಸಿಕ್ಕಾಗ ಮಾತಾಡೋಣ.
ಮನೆ ನಂ. 3ರ ಕುಟುಂಬ”

ಇದರಲ್ಲಿ ಎರಡು ಅಂಶ ಗಮನಿಸಿ. “ದಿನ ಬಿಟ್ಟು ದಿನ ನೀರು” ಎಂದಷ್ಟೇ ಬರೆದಿದ್ದರೆ ಹೊಸಬರಿಗೆ ಪ್ರಯೋಜನವಿರಲಿಲ್ಲ, ಯಾವ ದಿನದಿಂದ ಎಣಿಸಬೇಕೆಂದು ಅವರಿಗೆ ತಿಳಿಯದು. “ಮುಂದಿನ ಸರದಿ ಸೋಮವಾರ” ಎಂಬ ಮಾತು ಆ ಕೊರತೆಯನ್ನು ನೀಗುತ್ತದೆ. ಎರಡನೆಯದು ಸುತ್ತಿಗೆ ಮತ್ತು ಏಣಿ. “ಏನೇ ಬೇಕಾದರೂ ಕೇಳಿ” ಎಂಬುದು ದೊಡ್ಡ ಮಾತಾದರೂ, ಅದನ್ನು ನಂಬಿ ಕೇಳಲು ಬರುವವರು ಕಡಿಮೆ. ಸುತ್ತಿಗೆಯನ್ನು ಕೇಳಲು ಸಂಕೋಚವಿಲ್ಲ. ಸಮಯವನ್ನೂ ಹೇಳಿರುವುದರಿಂದ ಅವರಿಗೆ ಯಾವಾಗ ಹೋಗಲಿ ಎಂಬ ಗೊಂದಲವಿಲ್ಲ, ನಮಗೂ ಹೊತ್ತಲ್ಲದ ಹೊತ್ತಿನಲ್ಲಿ ತೊಂದರೆಯಾಗದು.

ಚೀಟಿಯಲ್ಲಿ ಫೋನ್ ನಂಬರ್ ಇಲ್ಲದಿರುವುದು ಬೇಕೆಂದೇ. ಕೊಡಲೇಬೇಕೆನಿಸಿದರೆ ಮನೆಯ ಹಿರಿಯರೊಬ್ಬರನ್ನು ಕೇಳಿ, ಅವರು ಒಪ್ಪಿದರೆ ಅವರ ನಂಬರ್ ಬರೆಯಿರಿ. ನಿಮ್ಮದು ಬೇಡ. ಆದರೆ ಮನೆ ನಂಬರ್ ಬಿಡಬೇಡಿ. ಯಾರು ಬರೆದರೆಂದು ತಿಳಿಯದ ಕಾಗದ ಸ್ವಾಗತಕ್ಕಿಂತ ಅನುಮಾನವನ್ನೇ ಹುಟ್ಟಿಸುತ್ತದೆ.

ತಲುಪಿಸುವುದರಲ್ಲೂ ಜಾಗ್ರತೆ ಬೇಕು. ಶನಿವಾರ ರಾತ್ರಿ ಅವರು ದಣಿದಿರುತ್ತಾರೆ, ಸೋಮವಾರ ಬೆಳಿಗ್ಗೆಯೇ ನೀರು ಬರುತ್ತದೆ. ಹಾಗಾಗಿ ಭಾನುವಾರ ಬೆಳಿಗ್ಗೆ, ಬೆಲ್ ಒತ್ತದೆ, ಚೀಟಿಯನ್ನು ಮಡಚಿ ಬಾಗಿಲ ಕೆಳಗಿಂದ ಒಳಗೆ ಸರಿಸುವುದು ಸರಿ. ಬಾಗಿಲಿನ ಹೊರಗೆ ಅಂಟಿಸಬೇಡಿ. ಹೋಗಿ ಬರುವವರೆಲ್ಲ ಓದುತ್ತಾರೆ, ಅದು ಹಾಗೇ ಉಳಿದರೆ ಮನೆಯಲ್ಲಿ ಯಾರೂ ಇಲ್ಲವೆಂದು ಸಾರುತ್ತದೆ.

ಜೊತೆಗೆ ತಿಂಡಿ ಕಳುಹಿಸುವ ಆಸೆಯೂ ಬರಬಹುದು. ಆದರೆ ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದೆಂಬ ರೂಢಿ ನಮ್ಮಲ್ಲಿದೆ. ಸ್ಟೀಲ್ ಡಬ್ಬಿಯಲ್ಲಿ ಶೀರ್ಕುರ್ಮಾ ಕೊಟ್ಟರೆ, ಒಲೆಯನ್ನೇ ಇನ್ನೂ ಹಚ್ಚದ ಮನೆಯವರು ಆ ಡಬ್ಬಿಗೆ ಏನು ತುಂಬಿ ಕೊಡಲಿ ಎಂದು ಯೋಚಿಸಬೇಕಾಗುತ್ತದೆ. ಅವರು ಏನು ತಿನ್ನುತ್ತಾರೆ, ಏನು ಬಿಡುತ್ತಾರೆ ಎಂಬುದೂ ನಮಗೆ ತಿಳಿದಿಲ್ಲ. ಕಾಗದದ ಚೀಲದಲ್ಲಿ ಅರ್ಧ ಡಜನ್ ಬಾಳೆಹಣ್ಣು ಕೊಟ್ಟರೆ ಈ ಎರಡು ತೊಡಕೂ ಇಲ್ಲ.

ಚೀಟಿ ಕೊಟ್ಟ ನಂತರ “ನಮ್ಮ ಚೀಟಿ ಸಿಕ್ಕಿತಾ?” ಎಂದು ಕೇಳಬೇಡಿ. ಆ ಒಂದು ಪ್ರಶ್ನೆ, ತೆಗೆದುಹಾಕಿದ ಸಾಲವನ್ನು ಮತ್ತೆ ತಂದು ಹೊರಿಸುತ್ತದೆ. ಕೆಲವರು ಅಂದೇ ಸಂಜೆ ಏಣಿ ಕೇಳಲು ಬರುತ್ತಾರೆ, ಕೆಲವರು ತಿಂಗಳಾದರೂ ಮುಗುಳ್ನಗೆಯಲ್ಲೇ ಮುಗಿಸುತ್ತಾರೆ. ಸೋಮವಾರ ಬೆಳಿಗ್ಗೆ 6ಕ್ಕೆ ಎದುರು ಮನೆಯಲ್ಲಿ ಕೊಡಗಳು ತುಂಬುವ ಸದ್ದು ಕೇಳಿಸಿದರೆ ಚೀಟಿ ತನ್ನ ಕೆಲಸ ಮಾಡಿದೆ.

ಅಭ್ಯಾಸ: ನಿಮ್ಮ ಬೀದಿಗೆ ಹೊಸದಾಗಿ ಬಂದವರಿಗೆ ಹತ್ತು ವಾಕ್ಯ ಮೀರದ ಚೀಟಿಯೊಂದನ್ನು ಬರೆಯಿರಿ. ನಂತರ ಪ್ರಶ್ನಾರ್ಥಕ ಚಿಹ್ನೆಗಳನ್ನು, “ಲೇಬೇಕು” ಎಂದು ಮುಗಿಯುವ ಕ್ರಿಯಾಪದಗಳನ್ನು ಮತ್ತು ಬೇರೆ ಮನೆಯವರ ಸುದ್ದಿಯನ್ನು ಹುಡುಕಿ ಗೆರೆ ಎಳೆಯಿರಿ. ಗೆರೆ ಬಿದ್ದ ಪ್ರತಿ ವಾಕ್ಯದ ಬದಲು ಅವರಿಗೆ ಈ ವಾರ ಬೇಕಾಗುವ ಒಂದು ಮಾಹಿತಿಯನ್ನು ಬರೆಯಿರಿ.